ವಿಷಯ: ₹3,40,500 ಆರ್‌ಟಿಜಿಎಸ್ ಮಾಡಿದ್ದೇವೆ – ಬಿಲ್ 412, 418, 423, 427

ಅಣ್ಣ, ನಮಸ್ಕಾರ.

ಇವತ್ತು ಬೆಳಿಗ್ಗೆ ನಿಮ್ಮ ಖಾತೆಗೆ ₹3,40,500 ಹಾಕಿದ್ದೇವೆ, ಯುಟಿಆರ್ ಕೊನೆಯ ಅಂಕಿಗಳು 40817. ನಾಲ್ಕು ಬಿಲ್‌ಗಳದ್ದು ಒಟ್ಟಿಗೆ ಹಾಕಿರೋದರಿಂದ, ದಯವಿಟ್ಟು ಹಳೇ ಬಾಕಿಗೆ ಜಮಾ ಮಾಡಬೇಡಿ, ಕೆಳಗಿನಂತೆಯೇ ಹಿಡಿಯಿರಿ.

ಬಿಲ್ 412 – ₹86,400, ಪೂರ್ತಿ.
ಬಿಲ್ 418 – ₹1,12,350ರಲ್ಲಿ ₹1,07,625.
ಬಿಲ್ 423 – ₹58,275, ಪೂರ್ತಿ.
ಬಿಲ್ 427 – ₹94,500ರಲ್ಲಿ ₹88,200.

418ರಲ್ಲಿ ₹4,725 ಕಡಿಮೆ. ಎರಡು ರೋಲ್ ಡೆನಿಮ್ ಅಳತೆ ಹಾಕಿದಾಗ 30 ಮೀಟರ್ ಕಡಿಮೆ ಬಂತು, ಮೀಟರಿಗೆ ₹150ರಂತೆ ₹4,500, ಅದಕ್ಕೆ ಶೇ. 5 ಜಿಎಸ್‌ಟಿ ₹225. ಲಾರಿ ಇಳಿಸಿದ ದಿನವೇ ಚಲನ್ ಮೇಲೆ ಬರೆದು ನಿಮ್ಮ ಡ್ರೈವರ್ ಸಹಿ ತಗೊಂಡಿದ್ದೇವೆ.

427ರದ್ದು ಬೇರೆ ವಿಷಯ. ಒಂದು ರೋಲ್‌ನಲ್ಲಿ 40 ಮೀಟರ್ ಉದ್ದಕ್ಕೂ ಬಣ್ಣದ ಗೆರೆ ಬಿದ್ದಿದೆ, ಅದನ್ನು ಕಟಿಂಗ್‌ಗೆ ಹಾಕಿದರೆ ವಾಷಿಂಗ್ ಆದಮೇಲೆ ಪ್ಯಾಂಟ್ ಪೂರ್ತಿ ವಾಪಸ್ ಬರುತ್ತೆ, ಹಾಗಾಗಿ ₹6,000 ಮತ್ತು ಜಿಎಸ್‌ಟಿ ₹300 ಹಿಡಿದಿದ್ದೇವೆ. ಆ ಬಟ್ಟೆ ಕತ್ತರಿಸದೆ ಬಳ್ಳಾರಿ ಗೋಡೌನ್‌ನಲ್ಲೇ ಇಟ್ಟಿದ್ದೇವೆ, ನಿಮ್ಮವರು ಬಂದು ನೋಡಲಿ, ಅಳತೆ ಅಥವಾ ಗೆರೆ ನಮ್ಮ ತಪ್ಪು ಅನ್ನಿಸಿದರೆ ಉಳಿದದ್ದು ಮರುದಿನವೇ ಹಾಕುತ್ತೇವೆ.

ಒಪ್ಪಿಗೆ ಇದ್ದರೆ ಎರಡಕ್ಕೂ ಸೇರಿ ₹11,025ಕ್ಕೆ ಕ್ರೆಡಿಟ್ ನೋಟ್ ಕಳಿಸಿ, ಬಿಲ್ ನಂಬರ್ ಅದರಲ್ಲಿ ಇರಲೇಬೇಕು, ಇಲ್ಲಾಂದ್ರೆ ನಮ್ಮ ಜಿಎಸ್‌ಟಿ ಲೆಕ್ಕ ಹೊಂದಲ್ಲ. ಬಿಲ್ 431 (₹76,650) ಇದರಲ್ಲಿ ಸೇರಿಲ್ಲ, ಅದರ ಗಡುವು ಮುಂದಿನ ತಿಂಗಳು.

ಹಣ ಜಮಾ ಆದ ತಕ್ಷಣ ಒಂದು ಮೇಲ್ ಹಾಕಿ.

ಲೆಕ್ಕಪತ್ರ ವಿಭಾಗ,
ಜೀನ್ಸ್ ಯೂನಿಟ್, ಬಳ್ಳಾರಿ