ಪ್ರೊಫಾರ್ಮ ಇನ್‌ವಾಯ್ಸ್ KGA/PI/2026/03 ಮತ್ತು ಬ್ಯಾಂಕ್ ವಿವರ: ಯುಗಾದಿಗೆ ಕೇಳಿದ ಗೊಂಬೆಗಳು

ಚನ್ನಪಟ್ಟಣ, 12 ಜನವರಿ 2026

ರಘುನಂದನ್ ಅವರೇ, ನಮಸ್ಕಾರ.

ಶನಿವಾರ ಫೋನಿನಲ್ಲಿ ಮಾತಾಡಿದ ಹಾಗೆ ಪ್ರೊಫಾರ್ಮ ಇನ್‌ವಾಯ್ಸ್ ಕಳಿಸುತ್ತಿದ್ದೇನೆ. ಇಂಗ್ಲಿಷಿನದು ಪಿಡಿಎಫ್ ಆಗಿ ಜೊತೆಗಿದೆ. ನಿಮ್ಮ ಬ್ಯಾಂಕಿಗೂ ಅಲ್ಲಿನ ಕಸ್ಟಮ್ಸ್ ಬ್ರೋಕರ್‌ಗೂ ಅದನ್ನೇ ಕೊಡಿ. ನೀವೂ ಸುಧಾ ಅವರೂ ಕೂತು ಓದಲಿ ಅಂತ ಅದನ್ನೇ ಕೆಳಗೆ ಕನ್ನಡದಲ್ಲಿ ಬರೆದಿದ್ದೇನೆ. ಎರಡರಲ್ಲೂ ಲೆಕ್ಕ ಒಂದೇ. ಎಲ್ಲಾದರೂ ವ್ಯತ್ಯಾಸ ಕಂಡರೆ ದುಡ್ಡು ಕಳಿಸುವ ಮುಂಚೆ ನನಗೆ ಹೇಳಿ.

ಪ್ರೊಫಾರ್ಮ ಇನ್‌ವಾಯ್ಸ್

ನಂಬರ್: KGA/PI/2026/03
ತಾರೀಖು: 12 ಜನವರಿ 2026. ಈ ದರ 31 ಜನವರಿ 2026ರವರೆಗೆ.

ಮಾರುವವರು: ಕಣ್ವ ಗೊಂಬೆ ಅಂಗಳ, ಚನ್ನಪಟ್ಟಣ 562160, ಬೆಂಗಳೂರು ದಕ್ಷಿಣ ಜಿಲ್ಲೆ, ಕರ್ನಾಟಕ, ಭಾರತ
ಕೊಳ್ಳುವವರು: ಮಲ್ಲಿಗೆ ಸ್ಟೋರ್ಸ್, ಟಾರ್ನೀಟ್, ವಿಕ್ಟೋರಿಯಾ 3029, ಆಸ್ಟ್ರೇಲಿಯಾ

ಸರಕು: ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಚನ್ನಪಟ್ಟಣದ ಗೊಂಬೆಗಳು. ಎಚ್‌ಎಸ್ ಕೋಡ್ 9503.00. ತಯಾರಾದ ದೇಶ ಭಾರತ.

| ಸರಕು | ಎಷ್ಟು | ದರ (ಆಸ್ಟ್ರೇಲಿಯನ್ ಡಾಲರ್) | ಮೊತ್ತ |
|---|---|---|---|
| ಗಿಲಕಿ | 200 | 4.20 | 840.00 |
| ಬಳೆ ಜೋಡಿಸುವ ಗೋಪುರ, 7 ಬಳೆ | 120 | 9.50 | 1,140.00 |
| ಹಗ್ಗ ಕಟ್ಟಿ ಎಳೆಯುವ ಆನೆ | 80 | 11.00 | 880.00 |
| ಬುಗುರಿ, 6ರ ಡಬ್ಬಿ | 100 | 6.80 | 680.00 |
| ಅಡುಗೆ ಆಟದ ಸೆಟ್, 12 ತುಂಡು | 60 | 16.00 | 960.00 |
| ಗೊಂಬೆಗಳ ಮೊತ್ತ | | | 4,500.00 |
| ಪ್ಯಾಕಿಂಗ್, ಫ್ಯೂಮಿಗೇಶನ್, ಒರಿಜಿನ್ ಸರ್ಟಿಫಿಕೇಟ್ | | | 210.00 |
| ಬೆಂಗಳೂರಿಂದ ಮೆಲ್ಬರ್ನ್‌ಗೆ ವಿಮಾನ ಸಾಗಣೆ | | | 740.00 |
| ಒಟ್ಟು | | | 5,450.00 |

ಅಕ್ಷರದಲ್ಲಿ: ಐದು ಸಾವಿರದ ನಾನೂರ ಐವತ್ತು ಆಸ್ಟ್ರೇಲಿಯನ್ ಡಾಲರ್ ಮಾತ್ರ.

ರಟ್ಟಿನ ಪೆಟ್ಟಿಗೆ: 11. ಪ್ಯಾಕಿಂಗ್ ಸೇರಿ ಸುಮಾರು 165 ಕೆ.ಜಿ.
ಮಾರಾಟದ ಷರತ್ತು: ಸಿಪಿಟಿ, ಮೆಲ್ಬರ್ನ್ ವಿಮಾನ ನಿಲ್ದಾಣ, ಇನ್‌ಕೋಟರ್ಮ್ಸ್ 2020
ಪಾವತಿ: ಪೂರ್ತಿ ಮೊತ್ತ ಮುಂಗಡ, ಬ್ಯಾಂಕ್ ವರ್ಗಾವಣೆಯ ಮೂಲಕ
ರವಾನೆ: ದುಡ್ಡು ನಮ್ಮ ಖಾತೆಗೆ ಬಂದ 35 ದಿನದೊಳಗೆ
ತೆರಿಗೆ: ರಫ್ತು ಆದ್ದರಿಂದ ಎಲ್‌ಯುಟಿ ಅಡಿಯಲ್ಲಿ, ಐಜಿಎಸ್‌ಟಿ ಕಟ್ಟದೆ

ಬ್ಯಾಂಕ್ ವಿವರ

ನಿಮ್ಮ ಬ್ಯಾಂಕಿನ ಪರದೆಯಲ್ಲಿ ಹೀಗೇ ಟೈಪ್ ಮಾಡಿ, ಅಕ್ಷರ ಬದಲಿಸಬೇಡಿ:

```
Beneficiary : KANVA GOMBE ANGALA
Account no. : 120012345678 (current account)
Bank        : CANARA BANK, CHANNAPATNA, KARNATAKA, INDIA
SWIFT/BIC   : CNRBINBB
Currency    : AUD
Amount      : 5450.00
Charges     : OUR
Reference   : ADVANCE FOR KGA/PI/2026/03 WOODEN TOYS
```

ಅಲ್ಲಿನ ಫಾರಂಗಳು ಕೆಲವೊಮ್ಮೆ ಐಬಿಎಎನ್ ಕೇಳುತ್ತವೆ. ಭಾರತದಲ್ಲಿ ಅದು ಇಲ್ಲ, ಖಾತೆ ನಂಬರ್ ಹಾಕಿದರೆ ಸಾಕು. ಬಿಎಸ್‌ಬಿ ನಂಬರ್ ಆಸ್ಟ್ರೇಲಿಯಾದ ಒಳಗಿನ ವರ್ಗಾವಣೆಗೆ, ನಮಗೆ ಅನ್ವಯಿಸುವುದಿಲ್ಲ. ಇಂಟರ್ಮೀಡಿಯರಿ ಬ್ಯಾಂಕ್ ಅನ್ನೋ ಜಾಗ ಖಾಲಿ ಬಿಡಿ, ಅದನ್ನು ನಿಮ್ಮ ಬ್ಯಾಂಕೇ ಹುಡುಕಿಕೊಳ್ಳುತ್ತದೆ.

ಚಾರ್ಜಸ್ ಅನ್ನೋ ಕಡೆ ದಯವಿಟ್ಟು OUR ಆರಿಸಿ, ಅಂದರೆ ಕಳಿಸುವ ಖರ್ಚೆಲ್ಲ ಕಳಿಸುವವರದೇ. SHA ಇಟ್ಟರೆ ದಾರಿಯಲ್ಲಿ ಸಿಗುವ ಬ್ಯಾಂಕುಗಳು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ನಮಗೆ ಕಳಿಸುತ್ತವೆ. ಇಪ್ಪತ್ತೋ ಮೂವತ್ತೋ ಡಾಲರ್ ಕಡಿಮೆ ಬಂದರೂ ಇನ್‌ವಾಯ್ಸ್ ಮೊತ್ತಕ್ಕೂ ಬಂದ ಮೊತ್ತಕ್ಕೂ ತಾಳೆಯಾಗುವುದಿಲ್ಲ. ಆಮೇಲೆ ಆ ವ್ಯತ್ಯಾಸಕ್ಕೆ ಬ್ಯಾಂಕಿನಲ್ಲಿ ಕೂತು ಕಾಗದ ಬರೆಯಬೇಕು. ಡಾಲರ್ ರೂಪಾಯಿ ಆಗುವಾಗ ಇಲ್ಲಿ ಬೀಳುವ ಖರ್ಚು ನಮ್ಮದು, ಅದರ ಚಿಂತೆ ನಿಮಗೆ ಬೇಡ.

ಈಗ ಒಂದು ಮುಖ್ಯ ಮಾತು. ದುಡ್ಡು ಕಳಿಸುವ ಮುಂಚೆ ನನಗೊಂದು ವಿಡಿಯೋ ಕಾಲ್ ಮಾಡಿ. ನಾವು ನವೆಂಬರ್‌ನಿಂದ ಮಾತಾಡುತ್ತಿರುವ ಅದೇ ವಾಟ್ಸಾಪ್ ನಂಬರಿಗೆ ಮಾಡಿ. ಯಾವುದೋ ಮೇಲ್‌ನಲ್ಲಿ ಬಂದ ಹೊಸ ನಂಬರಿಗೆ ಬೇಡ. ಖಾತೆ ನಂಬರನ್ನು ನೀವು ಓದಿ, ನಾನು ಪಾಸ್‌ಬುಕ್ ಹಿಡಿದು ಹೌದು ಅನ್ನುತ್ತೇನೆ. ಮೇಲ್ ಬಾಕ್ಸ್‌ಗೆ ಕನ್ನ ಹಾಕಿ, ಇಂಥ ಮಾತುಕತೆ ನಡೆಯುವುದನ್ನೇ ಕಾದು, ಕೊನೆ ಗಳಿಗೆಯಲ್ಲಿ "ನಮ್ಮ ಬ್ಯಾಂಕ್ ಬದಲಾಗಿದೆ" ಅಂತ ಬರೆಯುವವರು ಇದ್ದಾರೆ. ನಾವು ಬ್ಯಾಂಕ್ ಬದಲಿಸುವುದಿಲ್ಲ. ನನ್ನದೇ ವಿಳಾಸದಿಂದ ಹಾಗೆ ಮೇಲ್ ಬಂದರೂ ನಂಬಬೇಡಿ, ಫೋನ್ ಮಾಡಿ. ನಮ್ಮ ಬೆಳಗ್ಗೆ 10 ಗಂಟೆಗೆ ನಿಮಗೆ ಮಧ್ಯಾಹ್ನ ಮೂರೂವರೆ ಅಲ್ವಾ, ಆ ಹೊತ್ತು ನಾನು ಫ್ರೀ.

ಇನ್ನು ನೀವು ಕೇಳಿದ ವಿಷಯ. ಮಂಡ್ಯದಲ್ಲಿರುವ ನಿಮ್ಮ ಅಣ್ಣ ನನಗೆ ಜಿಪೇ ಮಾಡಿಬಿಟ್ಟರೆ ಬ್ಯಾಂಕ್ ಚಾರ್ಜ್ ಉಳಿಯುತ್ತದೆ ಅಂದಿರಿ. ಉಳಿಯುವುದು ನಿಜ. ಆದರೆ ಆಗುವುದಿಲ್ಲ. ಸರಕು ದೇಶ ಬಿಟ್ಟು ಹೋದಾಗ ಕಸ್ಟಮ್ಸ್‌ನಲ್ಲಿ ಶಿಪ್ಪಿಂಗ್ ಬಿಲ್ ಆಗುತ್ತದೆ. ಅಷ್ಟೇ ಮೊತ್ತ ಹೊರದೇಶದಿಂದ ಬಂದಿದೆ ಅಂತ ನಮ್ಮ ಬ್ಯಾಂಕ್ ಆ ಬಿಲ್ಲಿಗೆ ಜೋಡಿಸಿ ತೋರಿಸಬೇಕು. ಅಣ್ಣನವರ ರೂಪಾಯಿಯನ್ನು ಹಾಗೆ ಜೋಡಿಸಲು ಬರುವುದಿಲ್ಲ. ಬಿಲ್ ತೆರೆದೇ ಉಳಿಯುತ್ತದೆ, ಮುಂದಿನ ರಫ್ತಿಗೂ ತೊಡಕು. ಎಲ್‌ಯುಟಿ ಅಡಿ ತೆರಿಗೆ ಕಟ್ಟದೆ ಕಳಿಸುತ್ತಿರುವುದಕ್ಕೂ ಡಾಲರ್ ಬಂದ ಆಧಾರ ಬೇಕು.

ಹಾಗೆಯೇ ದುಡ್ಡು ಮಲ್ಲಿಗೆ ಸ್ಟೋರ್ಸ್ ಹೆಸರಿನ ಖಾತೆಯಿಂದಲೇ ಬರಲಿ. ನಿಮ್ಮ ಸ್ವಂತ ಖಾತೆಯಿಂದಾಗಲಿ ಸುಧಾ ಅವರದರಿಂದಾಗಲಿ ಬೇಡ. ಮನಿ ಟ್ರಾನ್ಸ್‌ಫರ್ ಆಪ್‌ಗಳಲ್ಲಿ ಕೆಲವು ಇಲ್ಲಿಗೆ ಬರುವ ಹೊತ್ತಿಗೆ ಲೋಕಲ್ ವರ್ಗಾವಣೆಯ ಹಾಗೆ ಕಾಣುತ್ತವೆ, ಆಗ ಕಳಿಸಿದವರು ಯಾರು ಅಂತ ಬ್ಯಾಂಕ್ ಕೇಳುತ್ತದೆ. ಮೊದಲ ಆರ್ಡರ್, ನೇರವಾಗಿ ಬ್ಯಾಂಕಿನಿಂದಲೇ ಕಳಿಸಿ.

ಕಳಿಸಿದ ಮೇಲೆ ಸ್ವಿಫ್ಟ್ ಕಾಪಿ ತೆಗೆದು ನನಗೆ ಮೇಲ್ ಮಾಡಿ. ಅದರಲ್ಲಿ ಯುಇಟಿಆರ್ ಅಂತ ಒಂದು ಉದ್ದದ ನಂಬರ್ ಇರುತ್ತದೆ. ದುಡ್ಡು ಎಲ್ಲೋ ನಿಂತರೆ ಆ ನಂಬರಿನಿಂದಲೇ ಹುಡುಕುವುದು. ಇಲ್ಲಿ ಬಂದಾಗ ನಾನು ಬ್ಯಾಂಕಿಗೆ P0103 ಅನ್ನೋ ಪರ್ಪಸ್ ಕೋಡ್ ಕೊಡುತ್ತೇನೆ, ರಫ್ತಿಗೆ ಬಂದ ಮುಂಗಡಕ್ಕೆ ಅದೇ ಕೋಡ್. ಖಾತೆಗೆ ಜಮಾ ಆದ ದಿನವೇ ನಿಮಗೆ ರಸೀದಿ ಬರುತ್ತದೆ. ಆ ತಾರೀಖಿನಿಂದ 35 ದಿನ ಎಣಿಸಿ.

ಯುಗಾದಿ ಮಾರ್ಚ್ 19ಕ್ಕೆ. ಈ ತಿಂಗಳ 20ರೊಳಗೆ ದುಡ್ಡು ಬಂದರೆ ಫೆಬ್ರವರಿ 24ರೊಳಗೆ ಪೆಟ್ಟಿಗೆಗಳು ಇಲ್ಲಿಂದ ಹೊರಡುತ್ತವೆ. ಅಲ್ಲಿ ಬಿಡಿಸಿಕೊಂಡು ಅಂಗಡಿಯಲ್ಲಿ ಜೋಡಿಸಲು ನಿಮಗೆ ಸಾಕಷ್ಟು ಸಮಯ ಸಿಗುತ್ತದೆ. ಈ ವಾರ ಸಂಕ್ರಾಂತಿ. 26ಕ್ಕೆ ನಿಮಗೂ ರಜೆ ನಮಗೂ ರಜೆ. ಅದಕ್ಕೇ 20 ಅಂದೆ. ಇದಕ್ಕಿಂತ ಬೇಗ ಮಾಡಿಕೊಡಿ ಅಂದರೆ ಆಗದು. ಮರ ಸರಿಯಾಗಿ ಒಣಗದೆ ಕಡೆದರೆ ಅಲ್ಲಿನ ಹವೆಗೆ ಸೀಳು ಬಿಡುತ್ತದೆ.

ದುಡ್ಡು ಮುಂಗಡ ಕೊಡುತ್ತಿದ್ದೀರಿ, ಹಾಗಾಗಿ ಏನಾದರೂ ಹೆಚ್ಚುಕಡಿಮೆ ಆದರೆ ಏನು ಅನ್ನುವುದೂ ಬರವಣಿಗೆಯಲ್ಲಿ ಇರಲಿ. ಜಮಾ ಆದ 5 ದಿನದೊಳಗೆ ಆರ್ಡರ್ ಬೇಡ ಅಂದರೆ ಬ್ಯಾಂಕ್ ಖರ್ಚು ಮಾತ್ರ ಹಿಡಿದು ಉಳಿದದ್ದನ್ನು, ಬಂದ ಖಾತೆಗೇ ವಾಪಸ್ ಮಾಡುತ್ತೇವೆ. ಕಡೆಯಲು ಶುರುವಾದ ಮೇಲೆ ಬೇಡ ಅಂದರೆ ಗೊಂಬೆಗಳ ಮೊತ್ತದ 40 ಶೇಕಡಾ ನಮ್ಮಲ್ಲಿ ಉಳಿಯುತ್ತದೆ. 35 ದಿನ ಕಳೆದು ಇನ್ನೂ 15 ದಿನ ಆದರೂ ನಾವು ಕಳಿಸದಿದ್ದರೆ ಪೂರ್ತಿ ದುಡ್ಡು ವಾಪಸ್, ಬ್ಯಾಂಕ್ ಖರ್ಚೂ ನಮ್ಮದೇ. ಕಡೆದದ್ದರಲ್ಲಿ ತಪ್ಪಾಗಲಿ ಬಣ್ಣದಲ್ಲಿ ತಪ್ಪಾಗಲಿ ಕಂಡರೆ ಪೆಟ್ಟಿಗೆ ಸಿಕ್ಕ 7 ದಿನದೊಳಗೆ ಫೋಟೋ ಕಳಿಸಿ, ಬೇರೆ ಗೊಂಬೆ ಅಥವಾ ಅದರ ಬೆಲೆ ಕೊಡುತ್ತೇವೆ. ಕೈಯಲ್ಲಿ ಅರಗು ಹಚ್ಚುವುದರಿಂದ ಒಂದು ಹಳದಿಗೂ ಇನ್ನೊಂದು ಹಳದಿಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಅದನ್ನು ತಪ್ಪು ಅಂತ ಹಿಡಿಯಬೇಡಿ.

ಸಿಪಿಟಿ ಅಂದರೆ ಮೆಲ್ಬರ್ನ್‌ವರೆಗಿನ ವಿಮಾನದ ಬಾಡಿಗೆ ನಾವು ಕಟ್ಟುತ್ತೇವೆ. ಆದರೆ ಬೆಂಗಳೂರಲ್ಲಿ ವಿಮಾನ ಕಂಪನಿಗೆ ಪೆಟ್ಟಿಗೆ ಒಪ್ಪಿಸಿದ ಮೇಲೆ ದಾರಿಯಲ್ಲಿ ಆಗುವ ನಷ್ಟ ನಿಮ್ಮ ಪಾಲಿನದು. ವಿಮೆ ಈ ಮೊತ್ತದಲ್ಲಿ ಸೇರಿಲ್ಲ. ಬೇಕಾದರೆ 38 ಡಾಲರ್ ಜಾಸ್ತಿ. ಮಾಡಿಸಿ ಅಂತಲೇ ನನ್ನ ಅಭಿಪ್ರಾಯ. ಹೂಂ ಅಂದರೆ ಹೊಸ ಪ್ರೊಫಾರ್ಮ ಕಳಿಸುತ್ತೇನೆ. ಅದು ಬರುವವರೆಗೆ ಸುಮ್ನೆ 38 ಸೇರಿಸಿ ಕಳಿಸಬೇಡಿ, ಮೊತ್ತ ಇನ್‌ವಾಯ್ಸ್‌ಗೆ ಹೊಂದಬೇಕು.

ಅಲ್ಲಿ ಬಿಡಿಸಿಕೊಳ್ಳುವ ಖರ್ಚು ನಿಮ್ಮದು. ಸರಕಿನ ಬೆಲೆ ಸಾವಿರ ಡಾಲರ್ ದಾಟಿರುವುದರಿಂದ ಆಮದಿನ ಘೋಷಣೆ ಮಾಡಬೇಕು, 10 ಶೇಕಡಾ ಜಿಎಸ್‌ಟಿ ಕಟ್ಟಬೇಕು. ಭಾರತ–ಆಸ್ಟ್ರೇಲಿಯಾ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಅದರ ಒರಿಜಿನ್ ಸರ್ಟಿಫಿಕೇಟ್ ಇದ್ದರೆ ಕಸ್ಟಮ್ಸ್ ಸುಂಕ ಬೀಳುವುದಿಲ್ಲ. ಆ ಸರ್ಟಿಫಿಕೇಟನ್ನು ನಾವು ಡಿಜಿಎಫ್‌ಟಿ ಪೋರ್ಟಲ್‌ನಿಂದ ಮಾಡಿಸಿ ಕೊಡುತ್ತೇವೆ. ಮರದ ವಿಷಯದಲ್ಲಿ ಆಸ್ಟ್ರೇಲಿಯಾದವರು ತುಂಬ ಬಿಗಿ. ತೊಗಟೆ ಚೂರೋ ಹುಳುವಿನ ತೂತೋ ಕಂಡರೆ ಸರಕನ್ನು ಅಲ್ಲೇ ತಡೆದು ನಿಲ್ಲಿಸುತ್ತಾರೆ. ಅದಕ್ಕೇ ಅಲ್ಲಿನವರು ಒಪ್ಪುವ ಏಜೆನ್ಸಿಯಿಂದಲೇ ಫ್ಯೂಮಿಗೇಶನ್ ಮಾಡಿಸುತ್ತೇವೆ. ಆ 210 ಡಾಲರ್‌ನಲ್ಲಿ ಹೆಚ್ಚಿನ ಭಾಗ ಅದೇ.

ಗಿಲಕಿ ಮತ್ತು ಬಳೆ ಗೋಪುರ ಮೂರು ವರ್ಷದೊಳಗಿನ ಮಕ್ಕಳ ಕೈಗೆ, ಬಾಯಿಗೆ ಹೋಗುವಂಥವು. ಅವಕ್ಕೆ AS/NZS ISO 8124 ಪ್ರಕಾರ ಮಾಡಿಸಿದ ಟೆಸ್ಟ್ ರಿಪೋರ್ಟ್ ಲಗತ್ತಿಸಿದ್ದೇನೆ. ಅಂಗಡಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲು ಒಂದು ಪ್ರತಿ ಇಟ್ಟುಕೊಳ್ಳಿ. ಬುಗುರಿ ಡಬ್ಬಿಗೆ ಮತ್ತು ಅಡುಗೆ ಸೆಟ್ಟಿಗೆ ಮೂರು ವರ್ಷದ ಮೇಲಿನವರಿಗೆ ಅನ್ನುವ ಸ್ಟಿಕ್ಕರ್ ನಾವೇ ಹಚ್ಚುತ್ತೇವೆ.

ಇದು ಪ್ರೊಫಾರ್ಮ ಮಾತ್ರ, ತೆರಿಗೆಯ ಇನ್‌ವಾಯ್ಸ್ ಅಲ್ಲ. ಅಲ್ಲಿನ ಕಸ್ಟಮ್ಸ್‌ಗೆ ಕೊಡುವ ಕಮರ್ಷಿಯಲ್ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಏರ್‌ವೇ ಬಿಲ್, ಎರಡು ಸರ್ಟಿಫಿಕೇಟ್, ಎಲ್ಲದರ ಸ್ಕ್ಯಾನ್ ಪೆಟ್ಟಿಗೆ ಹೊರಟ ದಿನ ನಿಮಗೂ ಬ್ರೋಕರ್‌ಗೂ ಕಳಿಸುತ್ತೇನೆ.

ನಿಮ್ಮಿಂದ ಎರಡು ಉತ್ತರ ಬೇಕು. ವಿಮೆ ಬೇಕೋ ಬೇಡವೋ? ಪಿಡಿಎಫ್‌ನಲ್ಲಿ ನಿಮ್ಮ ಕಂಪನಿ ಹೆಸರು MALLIGE STORES PTY LTD ಅಂತ ಹಾಕಿದ್ದೇನೆ, ನೋಂದಣಿಯಲ್ಲೂ ಹೀಗೇ ಇದೆಯೇ? ಒಂದು ಅಕ್ಷರ ಆಚೀಚೆ ಆದರೂ ಒರಿಜಿನ್ ಸರ್ಟಿಫಿಕೇಟನ್ನು ಮತ್ತೆ ಮಾಡಿಸಬೇಕಾಗುತ್ತದೆ. ಎಲ್ಲ ಸರಿ ಇದ್ದರೆ ಪಿಡಿಎಫ್‌ನ ಕೊನೆಯ ಪುಟಕ್ಕೆ ಸಹಿ, ಸೀಲು ಹಾಕಿ ಸ್ಕ್ಯಾನ್ ಕಳಿಸಿ.

ಸಂಕ್ರಾಂತಿಯ ಶುಭಾಶಯಗಳು, ಮನೆಯಲ್ಲಿ ಎಲ್ಲರಿಗೂ ಹೇಳಿ.

ಇಂತಿ,
ಶೋಭಾ
ಮಾಲೀಕರು, ಕಣ್ವ ಗೊಂಬೆ ಅಂಗಳ

ಲಗತ್ತು: ಪ್ರೊಫಾರ್ಮ ಇನ್‌ವಾಯ್ಸ್ (ಪಿಡಿಎಫ್, ಸಹಿ ಮತ್ತು ಸೀಲಿನೊಂದಿಗೆ), ರದ್ದು ಗೆರೆ ಎಳೆದ ಚೆಕ್ಕಿನ ಸ್ಕ್ಯಾನ್, ಐಇಸಿ ಪ್ರತಿ, ಟೆಸ್ಟ್ ರಿಪೋರ್ಟ್, ಬಣ್ಣಗಳ ಫೋಟೋ