ಹಾಸಿಗೆ 11ರ ಊಟದ ಯೋಜನೆ: ಬುಧವಾರ ಬೆಳಗ್ಗೆಯಿಂದ ಶುಕ್ರವಾರದವರೆಗೆ

ಮಹಿಳಾ ಸರ್ಜರಿ ವಾರ್ಡ್, ಕೋಲಾರ. ಓದಬೇಕಾದವರು: ಡ್ಯೂಟಿ ಡಾಕ್ಟರ್, ವಾರ್ಡ್ ಸಿಸ್ಟರ್. ಮನೆಯವರಿಗೆ ನಾನೇ ಓದಿ ಹೇಳಿದ್ದೇನೆ.

ಈಗಿನ ಸ್ಥಿತಿ

52 ವರ್ಷದ ಹೆಣ್ಣುಮಗಳು, ಮುಳಬಾಗಿಲು ಕಡೆಯವರು. ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ. ತೂಕ 58 ಕೆಜಿ. ಭಾನುವಾರ ರಾತ್ರಿ 10ಕ್ಕೆ ದಾಖಲು. ಪಿತ್ತಕೋಶದ ಕಲ್ಲಿನಿಂದ ಬಂದ ಪ್ಯಾಂಕ್ರಿಯಾಟೈಟಿಸ್. ಸ್ಕ್ಯಾನ್‌ನಲ್ಲಿ ಪಿತ್ತನಾಳ ದಪ್ಪವಾಗಿಲ್ಲ, ಬಿಲಿರುಬಿನ್ 1.1. ನೋವು ಹತ್ತಕ್ಕೆ ಎಂಟಿದ್ದದ್ದು ಈಗ ನಾಲ್ಕು. ಆಕ್ಸಿಜನ್ ಇಲ್ಲದೆ 96, ಮೂತ್ರ ಚೆನ್ನಾಗಿ ಹೋಗುತ್ತಿದೆ, ಕ್ರಿಯಾಟಿನಿನ್ ಸರಿಯಿದೆ. ಗ್ಯಾಸ್ ಹೋಗಿದೆ, ಹೊಟ್ಟೆ ಮೃದುವಾಗಿದೆ. ಬೆಳಗ್ಗೆ ಅವರೇ "ಏನಾದ್ರೂ ಕೊಡ್ರಮ್ಮಾ" ಅಂದರು.

ತಲೆನೋವು ಎರಡು. ಮಂಗಳವಾರ ರಾತ್ರಿಯ ಸಿಆರ್‌ಪಿ 168 ಬಂದಿದೆ. ಮಂಗಳವಾರ ಮಧ್ಯಾಹ್ನ ಒಂದು ಸಲ ವಾಂತಿಯೂ ಆಗಿದೆ. ಹಾಗಾಗಿ ಇವತ್ತೇ ನೇಸೋಜೆಜುನಲ್ ಟ್ಯೂಬ್ ಹಾಕಿಬಿಡೋಣವೇ ಅನ್ನೋದು ಯೂನಿಟ್ಟಿನ ಪ್ರಶ್ನೆ.

ತೀರ್ಮಾನ

ಇವತ್ತು ಟ್ಯೂಬ್ ಬೇಡ, ಬಾಯಿಂದಲೇ ಊಟ. ಆದರೆ ಟ್ಯೂಬಿಗೆ ಗಡುವು ಇದೆ: ಶುಕ್ರವಾರ ಬೆಳಗ್ಗೆ 8 ಗಂಟೆ.

ಮಂಗಳವಾರದ ವಾಂತಿಯನ್ನು 'ಊಟ ಹಿಡಿಸಲಿಲ್ಲ' ಅಂತ ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅವತ್ತು ಒಳಗೆ ಹೋಗಿದ್ದು ಊಟವೇ ಅಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ತಂದ ಗಟ್ಟಿ ಹಾಲಿನ ಕಾಫಿ, ದೊಡ್ಡ ಲೋಟ ತುಂಬಾ, ಒಂದೇ ಗುಟುಕಿಗೆ. ಅದರ ಹಿಂದೆಯೇ ಇನ್ನೊಂದು ಲೋಟ ಗಂಜಿ ನೀರು. ಎರಡು ದಿನ ಖಾಲಿ ಇದ್ದ ಹೊಟ್ಟೆ ಅಷ್ಟನ್ನು ತಡೆಯುತ್ತಾ?

ಸಿಆರ್‌ಪಿ 150 ದಾಟಿದ್ದು ಕಾಯಿಲೆ ಜೋರಾಗಬಹುದು ಅನ್ನೋ ಸೂಚನೆ, ನಿಜ. ಅದರಿಂದ ನಿಗಾ ಜಾಸ್ತಿ ಆಗಬೇಕು, ಟ್ಯೂಬ್ ಬರಬೇಕಾಗಿಲ್ಲ. 2014ರಲ್ಲಿ ಪ್ರಕಟವಾದ ಡಚ್ಚರ ಪೈಥಾನ್ ಅಧ್ಯಯನದಲ್ಲಿದ್ದ 208 ಜನರೂ ಹೀಗೇ ಜೋರಾಗಬಹುದು ಅಂತ ಗುರುತಿಸಿದವರು. ಅರ್ಧ ಜನರಿಗೆ 24 ಗಂಟೆಯೊಳಗೆ ಟ್ಯೂಬ್ ಹಾಕಿದರು. ಉಳಿದವರಿಗೆ 72 ಗಂಟೆಗೆ ಬಾಯಿಂದ ಊಟ ಶುರು ಮಾಡಿ, ಆಗದವರಿಗೆ ಮಾತ್ರ ಟ್ಯೂಬ್ ಕೊಟ್ಟರು. ಸೋಂಕಿನಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಎರಡನೇ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಟ್ಯೂಬೇ ಬೇಕಾಗಲಿಲ್ಲ.

ಅಮೈಲೇಸ್, ಲೈಪೇಸ್ ಇಳಿಯಲಿ ಅಂತ ಕಾಯಬೇಡಿ. ಊಟಕ್ಕಾಗಿ ಅವನ್ನು ಮತ್ತೆ ಕಳಿಸುವುದೂ ಬೇಡ. "ಗ್ರಂಥಿಗೆ ರೆಸ್ಟ್ ಕೊಡೋಣ" ಅನ್ನೋ ಹಳೇ ಮಾತು ಇನ್ನೂ ಓಡಾಡುತ್ತಿದೆ. ಉಪವಾಸದಲ್ಲಿ ಕರುಳಿನ ಒಳಪದರ ಸೊರಗುತ್ತೆ, ಅಲ್ಲಿನ ರೋಗಾಣು ರಕ್ತಕ್ಕೆ ದಾಟೋಕೆ ದಾರಿಯಾಗುತ್ತೆ. ಊಟ ಬೇಗ ಶುರುಮಾಡುವುದು ಅದಕ್ಕೇ.

ಇವತ್ತು, ಬುಧವಾರ

ಬರೀ ಗಂಜಿ ನೀರು, ಎಳನೀರಿನಿಂದ ಶುರು ಮಾಡುವ ಅಗತ್ಯವಿಲ್ಲ. ಅದರಲ್ಲಿ ಶಕ್ತಿ ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತೆ. ಮೆತ್ತಗಿನ, ಎಣ್ಣೆ ಕಡಿಮೆ ಇರುವ ಊಟವೇ ಮೊದಲ ತುತ್ತಾಗಲಿ.

10:30ಕ್ಕೆ ಚೆನ್ನಾಗಿ ಬೆಂದ ಅನ್ನ ಅರ್ಧ ಬಟ್ಟಲು, ತೆಳ್ಳಗಿನ ಹೆಸರುಬೇಳೆ ತೊವ್ವೆ, ಉಪ್ಪು. ಒಗ್ಗರಣೆ ಇಲ್ಲ, ಹಸಿಮೆಣಸಿನಕಾಯಿ ಇಲ್ಲ. ಎದ್ದು ಕೂತು ಚಮಚದಲ್ಲಿ ನಿಧಾನವಾಗಿ ತಿನ್ನಲಿ. 1 ಗಂಟೆಗೆ ಇಡ್ಲಿ ಒಂದು, ಅದೇ ತೊವ್ವೆ. 4ಕ್ಕೆ ಬೆಣ್ಣೆ ತೆಗೆದ ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಸಣ್ಣ ಲೋಟ. 7ಕ್ಕೆ ಮತ್ತೆ ಅನ್ನ, ತಿಳಿಸಾರು, ಜೊತೆಗೆ ಒಂದು ಬೆಂದ ಮೊಟ್ಟೆಯ ಬಿಳಿ ಭಾಗ. ನೀರು ಊಟದ ಜೊತೆ ಬೇಡ, ಮಧ್ಯೆ ಮಧ್ಯೆ ಗುಟುಕು ಗುಟುಕಾಗಿ. ಕಾಫಿ ಬೇಕೇ ಬೇಕು ಅಂದರೆ ಕೆನೆ ತೆಗೆದ ಹಾಲಿನದು, ಅರ್ಧ ಲೋಟ. ಹಟ ಮಾಡಿ ಬೇಡ ಅಂದರೆ ಬಾತ್‌ರೂಮಿನ ಹತ್ತಿರ ನಿಂತು ಕದ್ದು ಕುಡೀತಾರೆ, ಗೊತ್ತಿರೋದೇ.

ನೋವಿನ ಔಷಧಿ ಊಟಕ್ಕೆ ಅರ್ಧ ಗಂಟೆ ಮುಂಚೆ ಸಿಗುವ ಹಾಗೆ ಸಿಸ್ಟರ್ ಸಮಯ ಹೊಂದಿಸಿ. ವಾಂತಿ ತಡೆಯುವ ಔಷಧಿ ಡಾಕ್ಟರ್ ಬರೆದಂತೆ. ಡ್ರಿಪ್ ಎಷ್ಟು ಇಳಿಸಬೇಕು ಅನ್ನೋದೂ ಅವರದೇ ತೀರ್ಮಾನ.

ಗುರುವಾರ

ಐದು ಸಲ ಊಟ, ಪ್ರತಿ ಸಲ ಮುಕ್ಕಾಲು ಬಟ್ಟಲು. ಬೇಯಿಸಿ ಮಸೆದ ಸೋರೆಕಾಯಿ, ಬಾಳೆಹಣ್ಣು, ಮೊಟ್ಟೆಯ ಬಿಳಿ ಎರಡು ಸೇರಿಸಿ. ಒಗ್ಗರಣೆಗೆ ದಿನಕ್ಕೆ ಎರಡು ಟೀ ಚಮಚ ಎಣ್ಣೆ ಆಗಬಹುದು. ಪೂರ್ತಿ ಎಣ್ಣೆಯಿಲ್ಲದ ಊಟ ಯಾರಿಗೂ ರುಚಿಸಲ್ಲ, ಈ ಕಾಯಿಲೆಗೆ ಅದು ಬೇಕಾಗಿಯೂ ಇಲ್ಲ.

ಪೂರ್ತಿ ಗುರಿ ದಿನಕ್ಕೆ 1500 ಕ್ಯಾಲೊರಿ, 70 ಗ್ರಾಂ ಪ್ರೋಟೀನ್. ಗುರುವಾರವೇ ಅಲ್ಲಿಗೆ ಮುಟ್ಟುವುದಿಲ್ಲ. ಅರ್ಧ, ಅಂದರೆ 750 ಕ್ಯಾಲೊರಿ ದಾಟಿದರೆ ಸಾಕು.

ಸೊಸೆ ಎಷ್ಟು ತಿಂದರು ಅಂತ ಹಾಸಿಗೆ ಪಕ್ಕದ ಹಾಳೆಯಲ್ಲಿ ಬರೆಯುತ್ತಾರೆ: ಪೂರ್ತಿ, ಅರ್ಧ, ಎರಡು ತುತ್ತು. 'ಚೆನ್ನಾಗಿ ತಿಂದರು' ಅಂತ ಬರೆದರೆ ನನಗೆ ಲೆಕ್ಕ ಹಾಕೋಕೆ ಆಗಲ್ಲ. ಅವರ ಪಾಲಿನದನ್ನು ಮೊಮ್ಮಗು ತಿಂದರೆ ಅದನ್ನೂ ಬರೆಯಿರಿ.

ಯಾವಾಗ ನಿಲ್ಲಿಸಬೇಕು

ಒಂದು ವಾಂತಿ, ಸ್ವಲ್ಪ ನೋವು ಬಂದರೆ ಗಾಬರಿ ಬೇಡ. ಒಂದು ಹೊತ್ತು ಬಿಟ್ಟು, ಮುಂದಿನ ಸಲ ಅರ್ಧ ಪ್ರಮಾಣ ಕೊಡಿ. 12 ಗಂಟೆಯೊಳಗೆ ಎರಡನೇ ಸಲ ವಾಂತಿಯಾದರೆ, ಊಟದ ನಂತರ ನೋವು ಆರು ದಾಟಿ ಹೆಚ್ಚುವರಿ ಇಂಜೆಕ್ಷನ್ ಬೇಕಾದರೆ, ಹೊಟ್ಟೆ ಉಬ್ಬಿ ಬಿಗಿಯಾದರೆ ಊಟ ನಿಲ್ಲಿಸಿ ಡ್ಯೂಟಿ ಡಾಕ್ಟರಿಗೆ ಹೇಳಿ. ಜ್ವರ, ಉಸಿರಾಟದ ವೇಗ, ಮೂತ್ರ ಕಡಿಮೆಯಾಗುವುದು, ಇವು ನನ್ನ ಯೋಜನೆಗೆ ಸೇರಿದ್ದಲ್ಲ. ಆಗ ಈ ಹಾಳೆ ಪಕ್ಕಕ್ಕಿಟ್ಟು ರೋಗಿಯನ್ನು ನೋಡಬೇಕು.

ಶುಕ್ರವಾರ 8ಕ್ಕೆ

ಗುರುವಾರದ ಲೆಕ್ಕ 750ಕ್ಕಿಂತ ಕಡಿಮೆ ಇದ್ದರೆ ಟ್ಯೂಬ್. 'ಇನ್ನೊಂದು ದಿನ ನೋಡೋಣ' ಬೇಡ, ಅಷ್ಟೊತ್ತಿಗೆ ಐದನೇ ದಿನ ನಡೆಯುತ್ತಿರುತ್ತೆ. ರಕ್ತನಾಳದ ಮೂಲಕ ಆಹಾರ ಕರುಳು ಕೆಲಸ ಮಾಡದಿದ್ದಾಗ ಮಾತ್ರ, ಅದರಲ್ಲಿ ಸೋಂಕಿನ ಕಾಟ ಜಾಸ್ತಿ.

ವಾಂತಿಯಿಂದ ಊಟ ನಿಂತಿದ್ದರೆ, ಊತದಿಂದ ಜಠರದ ದಾರಿ ಒತ್ತಿದಂತಿದ್ದರೆ ನೇಸೋಜೆಜುನಲ್ ಟ್ಯೂಬೇ ಸರಿ. ಬರೀ ಹಸಿವಿಲ್ಲದೆ ತಿನ್ನುತ್ತಿಲ್ಲ ಅಂದರೆ ಜಠರಕ್ಕೆ ಹೋಗುವ ಸಾದಾ ಟ್ಯೂಬ್ ಸಾಕು. ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಹೆಚ್ಚು ಕಡಿಮೆ ಒಂದೇ ಫಲ ಬಂದಿದೆ. ಅದನ್ನು ಹಾಸಿಗೆ ಪಕ್ಕದಲ್ಲೇ ಹಾಕಬಹುದು, ಎಂಡೋಸ್ಕೋಪಿ ಸರದಿಗೆ ಕಾಯಬೇಕಿಲ್ಲ.

ಯಾವುದೇ ಟ್ಯೂಬ್ ಆಗಲಿ, ಎಕ್ಸ್‌ರೇ ನೋಡಿ ಜಾಗ ಖಾತ್ರಿಯಾಗುವವರೆಗೆ ಏನೂ ಬಿಡಬೇಡಿ. ಮಿಲಿಗೆ ಒಂದು ಕ್ಯಾಲೊರಿ ಇರುವ ಸಾಮಾನ್ಯ ಫಾರ್ಮುಲಾ, ಗಂಟೆಗೆ 20 ಮಿಲಿಯಿಂದ ಶುರು. ಹಿಡಿಸಿದರೆ 12 ಗಂಟೆಗೊಮ್ಮೆ 15ರಂತೆ ಏರಿಸಿ, ಗಂಟೆಗೆ 63ಕ್ಕೆ ನಿಲ್ಲಿಸಿ. ಜೆಜುನಮ್ಮಿಗೆ ಪಂಪಿನಲ್ಲೇ ಬಿಡಬೇಕು, ಸಿರಿಂಜಿನಿಂದ ಒಟ್ಟಿಗೆ ತಳ್ಳಬಾರದು. ನಾಲ್ಕು ಗಂಟೆಗೊಮ್ಮೆ 30 ಮಿಲಿ ನೀರು. ತಲೆಭಾಗ 30ರಿಂದ 45 ಡಿಗ್ರಿ ಎತ್ತರ. ಪೊಟ್ಯಾಶಿಯಂ, ಫಾಸ್ಫೇಟ್, ಮೆಗ್ನೀಶಿಯಂ ಮೊದಲ ಮೂರು ದಿನ ದಿನಾ ನೋಡಿ. ಹಸಿದಿದ್ದ ದೇಹಕ್ಕೆ ಆಹಾರ ಸೇರಿದಾಗ ಇವು ದಿಢೀರನೆ ಇಳಿಯಬಹುದು. ಮೊದಲ ಫೀಡಿಗೆ ಮುಂಚೆ ಥಯಾಮಿನ್ ಕೊಡಲು ಡಾಕ್ಟರನ್ನು ಕೇಳಿದ್ದೇನೆ.

ಮನೆಯವರಿಗೆ: ರಾಗಿ ಗಂಜಿ ರುಬ್ಬಿ ಸೋಸಿ ತರುತ್ತೇವೆ ಅಂತ ಯಜಮಾನರು ಕೇಳಿದರು. ಬಾಯಿಗೆ ಧಾರಾಳವಾಗಿ ತನ್ನಿ, ಈ ಟ್ಯೂಬಿಗೆ ಬೇಡ. ನಳಿಕೆ ಸಣ್ಣದು, ರಾಗಿ ಗಟ್ಟಿಯಾಗಿ ಕಟ್ಟಿಕೊಂಡರೆ ಮತ್ತೆ ಎಂಡೋಸ್ಕೋಪಿ ಮಾಡಿಸಬೇಕು. ಟ್ಯೂಬ್ ಇದ್ದರೂ ಡಾಕ್ಟರ್ ಒಪ್ಪಿದರೆ ಬಾಯಿಂದ ಸ್ವಲ್ಪ ಸ್ವಲ್ಪ ತಿನ್ನಬಹುದು. ಬಾಯಿಂದ ದಿನಕ್ಕೆ 1000 ಕ್ಯಾಲೊರಿ ದಾಟಿದ ಮೇಲೆ ಟ್ಯೂಬ್ ತೆಗೆಯುತ್ತೇವೆ.

ಊಟ ಹಿಡಿಸಿ ಕಾಯಿಲೆ ಸೌಮ್ಯವಾಗಿಯೇ ಉಳಿದರೆ ಪಿತ್ತಕೋಶದ ಆಪರೇಷನ್ ಇದೇ ದಾಖಲಾತಿಯಲ್ಲಿ ಮುಗಿಸುವುದು ಯೂನಿಟ್ಟಿನ ಯೋಚನೆ. ತಾರೀಖು ಗೊತ್ತಾದ ಕೂಡಲೇ ನನಗೆ ಫೋನ್ ಮಾಡಿ. ಹಿಂದಿನ ರಾತ್ರಿಯ ಊಟ ಎಷ್ಟು ಗಂಟೆಗೆ ಅಂತ ಬರೆದುಕೊಡುತ್ತೇನೆ.