ವಿಷಯ: ಪರ್ಚೇಸ್ ಆರ್ಡರ್ 214ರ ಬೇರಿಂಗ್‌ಗಳು ಇನ್ನೂ ಬಂದಿಲ್ಲ, ಹೊಸ ದಿನಾಂಕ ತಿಳಿಸಿ

ದಿನಾಂಕ: 16 ಜೂನ್ 2025

ಮಾನ್ಯರೇ,

ಮೇ 6ರಂದು ನಾವು ಕಳಿಸಿದ ಆರ್ಡರ್ ಪ್ರಕಾರ 6205-2ಆರ್‌ಎಸ್ ಮತ್ತು 6204-2ಆರ್‌ಎಸ್ ಬೇರಿಂಗ್‌ಗಳು, ತಲಾ 400, ಜೂನ್ 3ರೊಳಗೆ ನಮ್ಮ ಸ್ಟೋರ್ಸ್‌ಗೆ ಬರಬೇಕಿತ್ತು. ಆ ದಿನಾಂಕ ನೀವೇ ಒಪ್ಪಿ ಬರೆದುಕೊಟ್ಟದ್ದು. ಶೇಕಡಾ 30ರಷ್ಟು ಅಡ್ವಾನ್ಸನ್ನೂ ಆರ್ಡರ್ ಜೊತೆಯಲ್ಲೇ ಪಾವತಿಸಿದ್ದೇವೆ. ಇವತ್ತಿನವರೆಗೆ ಒಂದು ಬಾಕ್ಸೂ ಬಂದಿಲ್ಲ.

ಜೂನ್ 5ರಂದು ಫೋನ್ ಮಾಡಿದಾಗ ‘ಎರಡು ದಿನದಲ್ಲಿ ಲೋಡ್ ಆಗುತ್ತೆ’ ಎಂದಿರಿ. ಆಮೇಲೆ ಎಲ್‌ಆರ್ ಕಾಪಿಯೂ ಬರಲಿಲ್ಲ, ಜೂನ್ 10ರ ಮೇಲ್‌ಗೆ ಉತ್ತರವೂ ಬರಲಿಲ್ಲ. ಮಾಲು ತಡವಾಗುವುದು ಈ ವ್ಯವಹಾರದಲ್ಲಿ ಹೊಸತೇನಲ್ಲ, ಅದು ನಮಗೂ ಗೊತ್ತು. ಆದರೆ ಯಾವಾಗ ಬರುತ್ತದೆ ಎಂದೇ ಗೊತ್ತಿಲ್ಲದಿದ್ದರೆ ನಾವು ಯಾವ ಲೆಕ್ಕದಲ್ಲಿ ಕೆಲಸ ಹಚ್ಚಬೇಕು?

ಇಲ್ಲಿನ ಪರಿಸ್ಥಿತಿ ನಿಮಗೆ ತಿಳಿದಿರಲಿ. ಪಂಪ್‌ಸೆಟ್ ಮೋಟರ್‌ಗಳ ವೈಂಡಿಂಗ್ ಮುಗಿದು, ವಾರ್ನಿಷ್ ಆಗಿ, ಬಾಡಿಗಳು ಅಸೆಂಬ್ಲಿ ಲೈನಿನ ಪಕ್ಕ ಸಾಲಾಗಿ ನಿಂತಿವೆ. ಬೇರಿಂಗ್ ಕೂರಬೇಕಾದ ಶಾಫ್ಟ್ ಭಾಗಕ್ಕೆ ತುಕ್ಕು ಹಿಡಿಯಬಾರದೆಂದು ಹುಡುಗರು ರೋಟರ್‌ಗಳಿಗೆ ಎಣ್ಣೆ ಸವರಿ ಕಾಗದ ಸುತ್ತಿಟ್ಟಿದ್ದಾರೆ. ಬೇರಿಂಗ್ ಹಾಕದೆ ಟೆಸ್ಟಿಂಗ್ ಇಲ್ಲ, ಟೆಸ್ಟಿಂಗ್ ಆಗದೆ ನಮ್ಮ ಗ್ರಾಹಕರಿಗೆ ಒಂದು ಪಂಪೂ ಹೋಗುವುದಿಲ್ಲ. ಅವರಿಗೆ ಮಾತು ಕೊಟ್ಟ ದಿನ ಜೂನ್ 30.

ಸ್ಟಾಕ್‌ನಲ್ಲಿರುವ ಝಡ್‌ಝಡ್ ಬೇರಿಂಗ್ ಕಳಿಸಲೇ ಎಂದು ನಿಮ್ಮ ಕಡೆಯವರು ಫೋನಿನಲ್ಲಿ ಕೇಳಿದ್ದರು. ದಯವಿಟ್ಟು ಕಳಿಸಬೇಡಿ. ಅಳತೆ ಒಂದೇ ಆದರೂ ಅದರ ಲೋಹದ ಮುಚ್ಚಳ ಒಳಗಿನ ರಿಂಗಿಗೆ ತಾಗುವುದಿಲ್ಲ. ಪಂಪಿನ ಬದಿಯಿಂದ ನೀರು ಒಸರಿದರೆ ಸೀದಾ ಒಳಗಿಳಿದು ಗ್ರೀಸ್ ಹಾಳಾಗುತ್ತದೆ. ಎರಡೂ ಬದಿಗೆ ರಬ್ಬರ್ ಸೀಲ್ ಇರುವುದೇ ಬೇಕು. ಬೇರೆ ಬಂದರೆ ಇಳಿಸಿಕೊಳ್ಳುವುದಿಲ್ಲ.

ಜೂನ್ 18, ಬುಧವಾರ ಸಂಜೆ 5 ಗಂಟೆಯೊಳಗೆ ಹೊಸ ಡೆಲಿವರಿ ದಿನಾಂಕವನ್ನು ಮೇಲ್‌ನಲ್ಲಿ ಬರೆದು ಕಳಿಸಿ. ‘ಆದಷ್ಟು ಬೇಗ’ ಎಂಬ ಉತ್ತರ ಬೇಡ. ಮಾಲು ನಿಮ್ಮ ಗೋಡೌನ್‌ನಲ್ಲಿದೆಯೋ, ತಯಾರಕರಿಂದಲೇ ಬಂದಿಲ್ಲವೋ ಎಂಬುದನ್ನೂ ಇದ್ದದ್ದು ಇದ್ದ ಹಾಗೆ ತಿಳಿಸಿ. ಪೂರ್ತಿ ಮಾಲು ಒಟ್ಟಿಗೆ ಆಗದಿದ್ದರೆ ಎರಡೂ ಸೈಜಿನಲ್ಲಿ ತಲಾ 150 ಬೇರಿಂಗ್‌ಗಳನ್ನು ಜೂನ್ 23ರೊಳಗೆ ಮುಟ್ಟಿಸಿ, ಉಳಿದದ್ದಕ್ಕೆ ಬೇರೆ ದಿನಾಂಕ ಕೊಡಿ. ಅದಕ್ಕೆ ನಮ್ಮ ಒಪ್ಪಿಗೆಯಿದೆ. ಎರಡು ಸಲ ಕಳಿಸುವ ಸಾಗಾಣಿಕೆ ವೆಚ್ಚ ಮಾತ್ರ ನಿಮ್ಮದೇ.

ಬುಧವಾರ ಸಂಜೆಯೊಳಗೆ ಉತ್ತರ ಬಾರದಿದ್ದರೆ, ಅಥವಾ ನೀವು ಕೊಡುವ ದಿನಾಂಕ ನಮ್ಮ ಕೆಲಸಕ್ಕೆ ಹೊಂದದಿದ್ದರೆ, ಆರ್ಡರ್‌ನ ಷರತ್ತಿನಂತೆ ಅದನ್ನು ರದ್ದು ಮಾಡಿ ಬೇರೆ ಕಡೆ ಖರೀದಿಸುತ್ತೇವೆ. ಆಗ ಅಡ್ವಾನ್ಸ್ ಪೂರ್ತಿ ಹಿಂತಿರುಗಿಸಬೇಕಾಗುತ್ತದೆ. ಈ ಹಿಂದಿನ ಆರ್ಡರ್‌ಗಳಲ್ಲಿ ನೀವು ಹೇಳಿದ ದಿನಕ್ಕೆ ಮಾಲು ಕೊಟ್ಟಿದ್ದೀರಿ, ಹಾಗಾಗಿಯೇ ಇಷ್ಟು ದಿನ ಕಾದೆವು.

ಮಾಲು ಹೊರಟ ಕೂಡಲೇ ಎಲ್‌ಆರ್ ಕಾಪಿ ಮತ್ತು ಇನ್‌ವಾಯ್ಸ್ ಇದೇ ಮೇಲ್‌ಗೆ ಕಳಿಸಿ.

ಇಂತಿ,
ವ್ಯವಸ್ಥಾಪಕರು, ಖರೀದಿ ವಿಭಾಗ

ಲಗತ್ತು: ಪರ್ಚೇಸ್ ಆರ್ಡರ್ 214, ನಿಮ್ಮ ಒಪ್ಪಿಗೆ ಪತ್ರ, ಅಡ್ವಾನ್ಸ್ ಪಾವತಿಯ ರಸೀದಿ